ತೋಳಕ್ಕೆ ಹಸಿವೋ, ತೋಳನಿಗೆ ಹಸಿವೋ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ. ಈ ಗಾದೆಗಳಲ್ಲಿ ಬರುವ ಪ್ರಾಣಿಗಳೆಲ್ಲ ‘ಗೆ’ ಹೊತ್ತುಕೊಂಡೇ ಬಂದಿವೆ. ಆದರೆ ಮೊದಲ ಗಾದೆಯ ಎರಡು ‘ಗೆ’ಗಳು ಒಂದೇ ಕೆಲಸ ಮಾಡುತ್ತಿಲ್ಲ. ಎಮ್ಮೆಗೆ ಯಾರೋ ಬರೆ ಎಳೆಯುತ್ತಾರೆ. ಎಳೆಯುವವನು ಬೇರೆ, ಎಳೆಸಿಕೊಳ್ಳುವ ಎಮ್ಮೆ ಬೇರೆ. ಎತ್ತಿನ ವಿಷಯ ಹಾಗಲ್ಲ. ಅದಕ್ಕೆ ಯಾರೂ ಏನೂ ಮಾಡಿಲ್ಲ, ಜ್ವರ ತಾನಾಗಿ ಬಂದಿದೆ. ಆ ಮಾತು ಇರುವುದೇ ಎತ್ತಿನ ಬಗ್ಗೆ. ಆದರೂ ಅದು ‘ಎತ್ತು’ ಎಂದು ನೆಟ್ಟಗೆ ನಿಲ್ಲದೆ ‘ಎತ್ತಿಗೆ’ ಎಂದು ಬಾಗಿ ನಿಂತಿದೆ.

ಕನ್ನಡದಲ್ಲಿ ಹಸಿವು, ನಿದ್ದೆ, ನೋವು, ಕೋಪ, ನಾಚಿಕೆ, ನೆನಪು, ಇಷ್ಟ, ಅಗತ್ಯ ಎಲ್ಲವೂ ಹೀಗೆಯೇ. ಇವುಗಳನ್ನು ನಾವು ಮಾಡುವುದಿಲ್ಲ, ಇವು ನಮಗೆ ಬರುತ್ತವೆ ಇಲ್ಲವೇ ಆಗುತ್ತವೆ. ‘ನನಗೆ ಹಸಿವಾಗಿದೆ’ ಎಂದಾಗ ಕ್ರಿಯಾಪದ ‘ನಾನು’ ಎಂಬುದನ್ನು ಕಣ್ಣೆತ್ತಿಯೂ ನೋಡುವುದಿಲ್ಲ, ಅದು ಹಸಿವಿನ ಬೆನ್ನು ಹಿಡಿದು ‘ಆಗಿದೆ’ ಎನ್ನುತ್ತದೆ. ನನಗೆ, ನಿನಗೆ, ಅವಳಿಗೆ, ಊರಿನ ಎಲ್ಲರಿಗೆ ಹಸಿವಾದರೂ ಅದೇ ‘ಆಗಿದೆ’. ‘ಅವಳಿಗೆ ಇಬ್ಬರು ಅಣ್ಣಂದಿರಿದ್ದಾರೆ’ ಎನ್ನುವಾಗಲೂ ‘ಇದ್ದಾರೆ’ ಎಂಬುದು ಅಣ್ಣಂದಿರಿಗೆ ಸೇರಿದ್ದು, ಅವಳಿಗಲ್ಲ. ಹೀಗಾಗಿ ಯಾರ ಹಸಿವು, ಯಾರ ಕೋಪ ಎಂದು ತಿಳಿಸುವ ಹೊಣೆ ಪೂರ್ತಿಯಾಗಿ ನಾಮಪದದ ಕೊನೆಯ ಪ್ರತ್ಯಯದ ಮೇಲೆ ಬೀಳುತ್ತದೆ. ಆ ಪ್ರತ್ಯಯ ತಪ್ಪಿದರೆ ವಾಕ್ಯದಲ್ಲಿ ಬೇರೆ ಯಾವುದೂ ಅದನ್ನು ಎತ್ತಿ ಹಿಡಿಯುವುದಿಲ್ಲ.

ಶಾಲೆಯ ವ್ಯಾಕರಣದಲ್ಲಿ ಇದು ಚತುರ್ಥೀ ವಿಭಕ್ತಿ, ಅದರ ಕಾರಕಾರ್ಥ ಸಂಪ್ರದಾನ. ಸಂಪ್ರದಾನ ಎಂದರೆ ಕೊಡುವುದು. ಉದಾಹರಣೆಗಳೂ ಹಾಗೆಯೇ ಇರುತ್ತವೆ, ಯಾರೋ ಯಾರಿಗೋ ದಾನ ಕೊಡುತ್ತಲೇ ಇರುತ್ತಾರೆ. ಮನೆಯಲ್ಲಿ ಒಂದು ದಿನ ಕಿವಿಗೊಟ್ಟು ಕೇಳಿದರೆ ಬೇರೆಯೇ ಲೆಕ್ಕ ಸಿಗುತ್ತದೆ. ನಂಗೆ ಬೇಡ, ನಿಂಗೆ ಸಾಕಾ, ಅವ್ನಿಗೆ ಗೊತ್ತಿಲ್ಲ, ಅಜ್ಜಿಗೆ ಕಾಲುನೋವು, ಪಾಪೂಗೆ ನಿದ್ದೆ ಬಂತು. ದಾನದ ಮಾತು ಯಾವಾಗಲೋ ಒಮ್ಮೆ, ಬೇಕು ಬೇಡಗಳ ಮಾತು ಇಡೀ ದಿನ. ಬೆಂಗಳೂರಿನಲ್ಲಿ ಎಲ್ಲರ ಕಿವಿಗೂ ಬಿದ್ದಿರುವ ‘ಕನ್ನಡ ಗೊತ್ತಿಲ್ಲ’ ಎಂಬ ಮಾತಿನಲ್ಲೂ ಒಂದು ‘ನನಗೆ’ ಬಚ್ಚಿಟ್ಟುಕೊಂಡಿದೆ. ಕನ್ನಡ ವ್ಯಾಕರಣವನ್ನು ಸಂಸ್ಕೃತದ ಅಚ್ಚಿನಿಂದ ಬಿಡಿಸಿ ನೋಡಬೇಕೆಂದು ವಾದಿಸಿದ ಡಿ. ಎನ್. ಶಂಕರ ಭಟ್ಟರ ಪುಸ್ತಕವೊಂದರ ಹೆಸರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’. ಆ ಹೆಸರೇ ನಾವು ಮಾತಾಡುತ್ತಿರುವ ವಾಕ್ಯರಚನೆಯದು. ಅಲ್ಲಿ ಕೊಡುವವರೂ ಇಲ್ಲ, ತೆಗೆದುಕೊಳ್ಳುವವರೂ ಇಲ್ಲ. ಇರುವುದು ಬೇಕು ಎಂಬ ಒಂದು ಅಗತ್ಯ, ಆ ಅಗತ್ಯ ಇರುವ ಕನ್ನಡ.

ಇದು ಕನ್ನಡವೊಂದರ ಗುಣವಲ್ಲ. ತುಳುವಿನವರು ‘ಎಂಕ್’ ಎನ್ನುತ್ತಾರೆ, ತಮಿಳರು ‘ಎನಕ್ಕು’, ತೆಲುಗರು ‘ನಾಕು’, ಮರಾಠಿಗರು ‘ಮಲಾ’, ಹಿಂದಿಯವರು ‘ಮುಝೇ’. ಹಸಿವಾದರೆ ಇವರೆಲ್ಲರೂ ನಮ್ಮಂತೆಯೇ ಬಾಗಿ ನಿಲ್ಲುವವರು. ದಕ್ಷಿಣ ಏಷ್ಯಾದ ನುಡಿಗಳು ಬೇರೆ ಬೇರೆ ಕುಟುಂಬಗಳಿಗೆ ಸೇರಿದ್ದರೂ ಹಂಚಿಕೊಂಡಿರುವ ಗುಣಗಳನ್ನು ಭಾಷಾವಿಜ್ಞಾನಿ ಕಾಲಿನ್ ಮಾಸಿಕಾ 1976ರ ತಮ್ಮ ಪುಸ್ತಕದಲ್ಲಿ ಪಟ್ಟಿ ಮಾಡಿದಾಗ ಇದಕ್ಕೂ ಅದರಲ್ಲಿ ಜಾಗ ಕೊಟ್ಟರು. ಈ ನೆರೆಹೊರೆಯವರು ಕನ್ನಡ ಕಲಿಯುವಾಗ ‘ಗೆ’ ಬೇಕೋ ಬೇಡವೋ ಎಂಬಲ್ಲಿ ಅಷ್ಟಾಗಿ ಎಡವುವುದಿಲ್ಲ, ಅದು ಅವರ ನುಡಿಯಲ್ಲೂ ಇದೆ. ಅವರು ಎಡವುವುದು ಪ್ರತ್ಯಯದ ರೂಪದಲ್ಲಿ. ಇಂಗ್ಲಿಷಿನಲ್ಲೇ ಓದಿ ಬೆಳೆದ ನಮ್ಮ ಮಕ್ಕಳದು ಇದಕ್ಕೆ ತಿರುಗುಮುರುಗು. ರೂಪ ಅವರ ಬಾಯಲ್ಲಿ ತಾನಾಗಿ ಬರುತ್ತದೆ, ಆದರೆ ‘ನಾನು ಹಸಿವಾಗಿದೆ’ ಎಂದುಬಿಡುತ್ತಾರೆ. ಆದ್ದರಿಂದ ಒಂದು ವಾಕ್ಯವನ್ನು ಪರೀಕ್ಷಿಸುವಾಗ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಕೇಳಬೇಕು. ಇಲ್ಲಿ ‘ಗೆ’ ಬರಬೇಕೇ? ಬರಬೇಕಾದರೆ ಯಾವ ರೂಪದಲ್ಲಿ?

ಮೊದಲನೆಯದಕ್ಕೆ ಉತ್ತರ ಕ್ರಿಯಾಪದದಲ್ಲಿದೆ. ವಾಕ್ಯದ ಕೊನೆಯಿಂದ ಹಿಂದಕ್ಕೆ ಬರುತ್ತಾ ಕೇಳಿಕೊಳ್ಳಿ: ಓಡಿದ, ಯಾರು? ಹಸಿವಾಯಿತು, ಯಾರಿಗೆ? ಕನ್ನಡದ ಕಿವಿ ಇರುವವರಿಗೆ ‘ಹಸಿವಾಯಿತು, ಯಾರು’ ಎಂದು ಕೇಳಲು ಬಾಯೇ ಬರುವುದಿಲ್ಲ. ಇದರಲ್ಲಿ ಗೊಂದಲ ಹುಟ್ಟುವುದು ಒಂದೇ ಭಾವನೆಗೆ ಕನ್ನಡದಲ್ಲಿ ಎರಡು ದಾರಿಗಳಿರುವುದರಿಂದ. ಅವನಿಗೆ ಸಂತೋಷವಾಯಿತು, ಅವನು ಸಂತೋಷಪಟ್ಟ. ನನಗೆ ನೆನಪಾಯಿತು, ನಾನು ನೆನಪು ಮಾಡಿಕೊಂಡೆ. ಅವಳಿಗೆ ನಿದ್ದೆ ಬಂತು, ಅವಳು ನಿದ್ದೆ ಮಾಡಿದಳು. ಅತ್ತೆಗೆ ಕೋಪ ಬಂತು, ಅತ್ತೆ ಕೋಪ ಮಾಡಿಕೊಂಡರು. ಆಗು, ಬರು ಎಂಬ ಕ್ರಿಯಾಪದಗಳಿದ್ದರೆ ‘ಗೆ’ ಬೇಕು. ಪಡು, ಮಾಡು, ಮಾಡಿಕೊಳ್ಳು ಬಂದರೆ ‘ಗೆ’ ಬೇಡ.

ಇವು ಒಂದೇ ಅರ್ಥದ ಎರಡು ಮಾತುಗಳೂ ಅಲ್ಲ. ಆಜ್ಞೆ ಮಾಡಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ‘ಕೋಪ ಮಾಡಿಕೊಳ್ಳಬೇಡ’ ಎಂದು ಗಂಡನಿಗೆ ಹೇಳಬಹುದು, ‘ಕೋಪ ಬರಬೇಡ’ ಎಂದು ಅವನಿಗೆ ಹೇಳಲಾಗದು, ಹೇಳಿದರೆ ಅದು ಕೋಪಕ್ಕೇ ಹೇಳಿದ ಮಾತಾಗುತ್ತದೆ. ‘ಕೋಪ ಬಂತು, ಹೊಡೆದುಬಿಟ್ಟೆ’ ಎನ್ನುವವನು ತಪ್ಪಿನ ಅರ್ಧಭಾಗವನ್ನು ಕೋಪದ ತಲೆಗೆ ಕಟ್ಟುತ್ತಾನೆ. ಅವನನ್ನು ಬೈಯುವವರು ‘ಅಷ್ಟಕ್ಕೆಲ್ಲ ಕೋಪ ಮಾಡ್ಕೋತೀಯಾ’ ಎಂದು ಅದನ್ನು ತಿರುಗಿ ಅವನ ಕೈಗೇ ಹಾಕುತ್ತಾರೆ. ಮನೆಯ ಅರ್ಧ ಜಗಳಗಳು ಈ ಎರಡು ವಾಕ್ಯಗಳ ನಡುವೆಯೇ ನಡೆಯುವುದು.

ಹಸಿವಿನಲ್ಲೂ ಎರಡನೆಯ ದಾರಿಯೊಂದಿದೆ. ‘ನಾನು ಹಸಿದಿದ್ದೇನೆ’ ಎಂಬುದು ಶುದ್ಧ ಕನ್ನಡ, ಏಕೆಂದರೆ ಹಸಿ ಎಂಬುದು ಸ್ವತಂತ್ರ ಕ್ರಿಯಾಪದ. ಹಸಿದ ಹುಲಿ, ಹಸಿದವರಿಗೆ ಅನ್ನ ಎಂಬಲ್ಲೆಲ್ಲ ಇರುವುದು ಅದೇ. ಆದರೆ ಊಟಕ್ಕೆ ಕೂತು ಯಾರೂ ಹಾಗೆ ಹೇಳುವುದಿಲ್ಲ, ಅದು ಕಥೆಯ ಪುಟದ ಮಾತು. ‘ನಾನು ಹಸಿದಿದ್ದೇನೆ’ ಸರಿ, ‘ನನಗೆ ಹಸಿವಾಗಿದೆ’ ಸರಿ. ಇವೆರಡನ್ನೂ ಅರ್ಧರ್ಧ ಕತ್ತರಿಸಿ ಅಂಟಿಸಿದ ‘ನಾನು ಹಸಿವಾಗಿದ್ದೇನೆ’ ಮಾತ್ರ ಎಲ್ಲಿಯೂ ನಿಲ್ಲುವುದಿಲ್ಲ. ಅದರ ನೇರ ಅರ್ಥ ನಾನೇ ಹಸಿವಿನ ರೂಪ ತಾಳಿದ್ದೇನೆ ಎಂದು.

‘ಬೇಕು’ ಎಂಬ ಮಾತು ಇನ್ನೂ ಸ್ವಲ್ಪ ಗಮನ ಕೇಳುತ್ತದೆ. ಬೇಕಾಗಿರುವುದು ಒಂದು ವಸ್ತುವೋ ವ್ಯಕ್ತಿಯೋ ಆದರೆ ‘ಗೆ’ ಬರುತ್ತದೆ: ನನಗೆ ನೀರು ಬೇಕು. ಮಾಡಬೇಕಾದ ಕೆಲಸವಾದರೆ ‘ಗೆ’ ಇಲ್ಲ: ನಾನು ನೀರು ಕುಡಿಯಬೇಕು. ಬೇಡ ಎಂಬುದೂ ಇದೇ ಜಾಡಿನದು: ನಿನಗೆ ಬೇಡ, ನೀನು ಹೋಗಬೇಡ. ಜಾಗ ಬದಲಾದರೆ ಏನೂ ಆಗುವುದಿಲ್ಲ, ಪ್ರತ್ಯಯ ಬದಲಾದರೆ ಎಲ್ಲವೂ ಬದಲಾಗುತ್ತದೆ. ‘ಮಗುವಿಗೆ ಅಮ್ಮ ಬೇಕು’, ‘ಅಮ್ಮ ಬೇಕು ಮಗುವಿಗೆ’ ಎರಡೂ ಒಂದೇ ಅಳು. ‘ಮಗು ಅಮ್ಮನಿಗೆ ಬೇಕು’ ಎಂದರೆ ಅದು ನ್ಯಾಯಾಲಯದಲ್ಲಿ ನಡೆಯುತ್ತಿರುವ ಬೇರೊಂದು ಕಥೆ. ‘ನಾನು ಬೇಕು’ ಎಂಬ ವಾಕ್ಯವೂ ಇದೆ. ಅದರ ಅರ್ಥ ಯಾರಿಗೋ ನಾನು ಬೇಕಾಗಿದ್ದೇನೆ ಎಂದು. ಅಂಗಡಿಯಲ್ಲಿ ನಿಂತು ‘ನಾನು ಬಿಸ್ಕತ್ತು ಬೇಕು’ ಎನ್ನುವ ಮಗುವಿಗೆ ಅಷ್ಟು ಹೇಳಿದರೆ ಸಾಕು, ನಕ್ಕು ತಿದ್ದಿಕೊಳ್ಳುತ್ತದೆ.

ಬರವಣಿಗೆಯಲ್ಲಿ ‘ಗೆ’ ಹೆಚ್ಚಾಗಿ ಕಳೆದುಹೋಗುವುದು ಉದ್ದ ವಾಕ್ಯಗಳಲ್ಲಿ. ‘ಕಳೆದ ವರ್ಷ ಮಳೆ ಕೈಕೊಟ್ಟಿದ್ದರಿಂದ ಬೆಳೆ ಕಳೆದುಕೊಂಡಿರುವ ಈ ಭಾಗದ ರೈತರು ಬಿತ್ತನೆಗೆ ಮುಂಚೆಯೇ ಸಾಲ ಬೇಕಾಗಿದೆ’ ಎಂಬ ವಾಕ್ಯವನ್ನು ಬರೆದವರಿಗೆ ಕನ್ನಡ ಬಾರದೆ ಇಲ್ಲ. ರೈತರನ್ನು ಕೂರಿಸಿ ಹೊರಟ ಕೈ ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಮನಸ್ಸು ಬದಲಾಯಿಸಿತ್ತು, ಅಷ್ಟೆ. ಒಂದೋ ರೈತರಿಗೆ ಸಾಲ ಬೇಕಾಗಿದೆ, ಇಲ್ಲವೇ ರೈತರು ಸಾಲ ಕೇಳುತ್ತಿದ್ದಾರೆ. ಕರ್ತೃವನ್ನೂ ಕೊನೆಯ ಕ್ರಿಯಾಪದವನ್ನೂ ಮಾತ್ರ ಉಳಿಸಿ ನಡುವಿನದನ್ನೆಲ್ಲ ಕೈಯಿಂದ ಮುಚ್ಚಿ ಓದಿದರೆ ಇಂಥ ತಪ್ಪು ತಟ್ಟನೆ ಸಿಗುತ್ತದೆ.

ಆದರೆ ಕೈ ಮುಚ್ಚುವಾಗ ಅವಸರ ಬೇಡ. ‘ಅರ್ಜಿದಾರರು ಹೆಚ್ಚಿನ ಮಾಹಿತಿ ಬೇಕಾದಲ್ಲಿ ಕಚೇರಿಯನ್ನು ಸಂಪರ್ಕಿಸಬೇಕು’ ಎಂಬ ವಾಕ್ಯ ಕಂಡೊಡನೆ ‘ಬೇಕಾದಲ್ಲಿ’ ಎಂಬುದಕ್ಕೆ ಕೆಂಪು ಗೆರೆ ಎಳೆಯುವವರಿದ್ದಾರೆ. ಅದು ಸರಿಯಾಗಿಯೇ ಇದೆ. ಅರ್ಜಿದಾರರು ನಿಂತಿರುವುದು ‘ಸಂಪರ್ಕಿಸಬೇಕು’ ಎಂಬುದರ ಪರವಾಗಿ, ಅದು ಅವರು ಮಾಡುವ ಕೆಲಸ. ನಡುವೆ ಬಂದ ‘ಬೇಕಾದಲ್ಲಿ’ ಎಂಬುದರ ‘ಅವರಿಗೆ’ ಹೇಳದೆಯೇ ಅರ್ಥವಾಗುತ್ತದೆ. ‘ಮಗು ಹಸಿವಾಗಿ ಅಳುತ್ತಿದೆ’ ಎಂಬುದೂ ಹಾಗೆಯೇ ಸರಿ. ಹಸಿವಾದದ್ದು ಮಗುವಿಗೆ, ಅಳುತ್ತಿರುವುದು ಮಗು. ಒಂದೇ ಮಗು ಎರಡು ಕಡೆಗೂ ಸಲ್ಲುತ್ತದೆ, ಕೊನೆಯ ಕ್ರಿಯಾಪದ ಕೇಳಿದ ರೂಪದಲ್ಲಿ ನಿಲ್ಲುತ್ತದೆ.

ಹೀಗೆ ‘ಮಗುವಿಗೆ’ ಮತ್ತು ‘ಮಗು’ ಒಂದು ಇನ್ನೊಂದರ ಜಾಗ ತುಂಬುತ್ತವೆ ಎನ್ನುವುದು, ‘ಗೆ’ ಹೊತ್ತ ಈ ನಾಮಪದ ಕರ್ತೃವಿನ ಗತ್ತನ್ನು ಪೂರ್ತಿ ಬಿಟ್ಟಿಲ್ಲ ಎಂಬುದಕ್ಕೆ ಒಂದು ಗುರುತು. ಇನ್ನೊಂದು ಗುರುತು ‘ತನ್ನ’ ಎಂಬ ಪದ. ‘ಶಾಮ ರಾಮನಿಗೆ ತನ್ನ ಪುಸ್ತಕ ಕೊಟ್ಟ’ ಎಂದರೆ ಪುಸ್ತಕ ಶಾಮನದು. ರಾಮನಿಗೆ ‘ಗೆ’ ಇದೆ, ಆದರೆ ‘ತನ್ನ’ ಅವನತ್ತ ತಿರುಗುವುದಿಲ್ಲ. ‘ರಾಮನಿಗೆ ತನ್ನ ಮಗನ ಮೇಲೆ ಕೋಪ ಬಂತು’ ಎಂದರೆ ಆ ಮಗ ರಾಮನವನೇ. ರಾಮನಿಗೆ ಎಂಬ ರೂಪ ಒಂದೇ, ಒಂದು ಕಡೆ ಬರಿಯ ತೆಗೆದುಕೊಳ್ಳುವವನು, ಇನ್ನೊಂದು ಕಡೆ ವಾಕ್ಯದ ಯಜಮಾನ. ಭಾಷಾವಿಜ್ಞಾನಿ ಎಸ್. ಎನ್. ಶ್ರೀಧರ್ 1970ರ ದಶಕದಲ್ಲಿ ಕನ್ನಡದ ಇಂಥ ವಾಕ್ಯಗಳನ್ನೇ ಹಿಡಿದು, ಕರ್ತೃ ಎಂದರೆ ಯಾರು ಎಂಬ ಪ್ರಶ್ನೆಯನ್ನು ಅಂತರರಾಷ್ಟ್ರೀಯ ವಿದ್ವತ್ ಪತ್ರಿಕೆಗಳಲ್ಲಿ ಚರ್ಚಿಸಿದರು.

ಈಗ ಎರಡನೆಯ ಪ್ರಶ್ನೆ, ಯಾವ ರೂಪ. ಪಠ್ಯಪುಸ್ತಕ ಗೆ, ಇಗೆ, ಕ್ಕೆ, ಅಕ್ಕೆ ಎಂದು ನಾಲ್ಕನ್ನು ಹೇಳುತ್ತದೆ. ಇ ಅಥವಾ ಎ ಸ್ವರದಲ್ಲಿ ಮುಗಿಯುವ ಪದಗಳಿಂದ ತೊಂದರೆಯೇ ಇಲ್ಲ. ತಾಯಿಗೆ, ತಂಗಿಗೆ, ನಾಯಿಗೆ, ಸೊಸೆಗೆ, ಮನೆಗೆ, ಮನುಷ್ಯರೋ ಪ್ರಾಣಿಯೋ ಗೋಡೆಯೋ ಎಂದು ನೋಡದೆ ‘ಗೆ’ ಅಂಟಿಕೊಳ್ಳುತ್ತದೆ. ಉಕಾರದ ಪದಗಳಲ್ಲಿ ಸ್ವಲ್ಪ ನೋಡಬೇಕು. ಊರು, ಎತ್ತು, ಬೆಕ್ಕು, ಕಾಡು ಇವುಗಳ ಕೊನೆಯ ಉ ಉಚ್ಚಾರಣೆಗೆಂದು ಬಂದದ್ದು, ಪ್ರತ್ಯಯ ಬಂದೊಡನೆ ಜಾಗ ಬಿಟ್ಟುಕೊಡುತ್ತದೆ: ಊರಿಗೆ, ಎತ್ತಿಗೆ, ಬೆಕ್ಕಿಗೆ, ಕಾಡಿಗೆ. ಮಗು, ಹಸು, ಕರು, ಗುರು, ಶತ್ರು ಇವುಗಳ ಉ ಗಟ್ಟಿ, ಬಿಟ್ಟುಕೊಡುವುದಿಲ್ಲ. ಅದಕ್ಕೆ ನಡುವೆ ವಕಾರ ಬರುತ್ತದೆ: ಮಗುವಿಗೆ, ಹಸುವಿಗೆ, ಗುರುವಿಗೆ. ಮಾತಿನಲ್ಲಿ ‘ಮಗೂಗೆ’ ಎನ್ನುತ್ತೇವೆ, ಅಲ್ಲಿ ಊ ದೀರ್ಘವಾಗಿ ಆ ಜಾಗ ತುಂಬುತ್ತದೆ. ಬರೆಯುವಾಗ ‘ಮಗುಗೆ’ ಎಂದರೆ ಎರಡೂ ಕಡೆಗೆ ಸಲ್ಲದು.

ನಿಜವಾದ ಕುತೂಹಲ ಇರುವುದು ಅಕಾರದ ಪದಗಳಲ್ಲಿ. ಹುಡುಗ, ಮರ ಎರಡೂ ಅಕಾರದಲ್ಲೇ ಮುಗಿಯುತ್ತವೆ. ಆದರೆ ಹುಡುಗನಿಗೆ, ಮರಕ್ಕೆ. ಭರತನಿಗೆ ರಾಜ್ಯ ಬೇಡವಾಗಿತ್ತು, ಭಾರತಕ್ಕೆ ಇನ್ನೂ ಇಪ್ಪತ್ತು ರನ್ ಬೇಕು. ಇಲ್ಲಿ ಭಾಷೆ ಪದದ ಸದ್ದನ್ನು ನೋಡುತ್ತಿಲ್ಲ, ಆ ಪದ ಯಾರನ್ನು ಸೂಚಿಸುತ್ತದೆ ಎಂದು ನೋಡುತ್ತಿದೆ. ಮನುಷ್ಯರಾದರೆ ನಡುವೆ ‘ನ’ ಬರುತ್ತದೆ, ಅಲ್ಲದಿದ್ದರೆ ‘ಕ್ಕೆ’. ಪರೀಕ್ಷೆಯ ಉಪಾಯವನ್ನೂ ಭಾಷೆಯೇ ಕೊಟ್ಟಿದೆ, ಪ್ರಶ್ನೆಯಲ್ಲೇ ಉತ್ತರದ ರೂಪ ಇದೆ. ಯಾರಿಗೆ ಎಂದು ಕೇಳುವಂತಿದ್ದರೆ ‘ನಿಗೆ’, ಯಾವುದಕ್ಕೆ ಎಂದು ಕೇಳುವಂತಿದ್ದರೆ ‘ಕ್ಕೆ’. ಗಿಡಕ್ಕೆ ನೀರು ಬೇಕು, ಸರ್ಕಾರಕ್ಕೆ ನಾಚಿಕೆಯಾಗಬೇಕು. ಸರ್ಕಾರದಲ್ಲಿ ಎಷ್ಟೇ ಮನುಷ್ಯರಿದ್ದರೂ ವ್ಯಾಕರಣ ಅದನ್ನು ಗಿಡದ ಪಕ್ಕದಲ್ಲೇ ಇಟ್ಟಿದೆ. ಜನ ಎಂಬ ಪದ ಎರಡು ಕಡೆಯೂ ಇದೆ. ರಾಶಿಯಾಗಿ ಕಂಡರೆ ಜನಕ್ಕೆ, ಒಬ್ಬೊಬ್ಬರಾಗಿ ಕಂಡರೆ ಜನರಿಗೆ.

ಈ ‘ನ’ ಗಂಡಸರದ್ದೆಂದು ಹೇಳಿಕೊಡುವುದುಂಟು. ಪೂರ್ತಿ ನಿಜವಲ್ಲ. ಅಮ್ಮ, ಅಕ್ಕ ಇಬ್ಬರೂ ಅಮ್ಮನಿಗೆ, ಅಕ್ಕನಿಗೆ ಎಂದು ಅದನ್ನೇ ತೆಗೆದುಕೊಳ್ಳುತ್ತಾರೆ, ಲಕ್ಷ್ಮಮ್ಮನಿಗೂ ಅದೇ. ಆಕಾರದಲ್ಲಿ ಮುಗಿಯುವ ಹೆಂಗಸರ ಹೆಸರುಗಳು ಮಾತ್ರ ಅದನ್ನು ಒಲ್ಲವು: ಸುಧಾಗೆ, ಇಲ್ಲವೇ ಸುಧಾಳಿಗೆ. ಕವಿತಾಗೆ ಎಂದರೆ ನೆರೆಮನೆಯ ಹುಡುಗಿ, ಕವಿತೆಗೆ ಎಂದರೆ ಪುಸ್ತಕದ ಪುಟ. ಮೈಸೂರು ಕಡೆ ರಾಮಂಗೆ, ಅಮ್ಮಂಗೆ ಎನ್ನುವುದನ್ನು ಕೆಲವರು ಹಾಳು ಕನ್ನಡ ಎಂದು ತಿಳಿಯುತ್ತಾರೆ. ಹಳಗನ್ನಡದ ರೂಪ ರಾಮಂಗೆ ಎಂದೇ ಇತ್ತು. ನಡುವೆ ಇಕಾರ ಸೇರಿಸಿ ಉದ್ದ ಮಾಡಿಕೊಂಡದ್ದು ಆಮೇಲೆ ಬಂದ ‘ರಾಮನಿಗೆ’. ಹವ್ಯಕರ ಮನೆಗಳಲ್ಲಿ ಇಂದಿಗೂ ಕೇಳುವ ‘ಎನಗೆ’ ಕೂಡ ಹಾಗೆಯೇ ಹಳೆಯದು.

ಮನುಷ್ಯರಲ್ಲದಿದ್ದರೂ ‘ನ’ ಪಡೆದವರಿದ್ದಾರೆ. ಸೂರ್ಯನಿಗೆ, ಚಂದ್ರನಿಗೆ ಎನ್ನುತ್ತೇವೆ, ನಕ್ಷತ್ರಕ್ಕೆ, ಗ್ರಹಕ್ಕೆ ಎನ್ನುತ್ತೇವೆ. ಪ್ರಾಣಿಗಳಲ್ಲಿ ಮಂಗ, ಕೋಣ, ತೋಳ ಗಡಿಯ ಮೇಲೆ ಕೂತಿವೆ. ಮಂಗನ ಕಾಯಿಲೆ, ಕೋಣನ ಮುಂದೆ ಕಿನ್ನರಿ ಎಂಬಲ್ಲಿ ಅವು ಮನುಷ್ಯರ ಸಾಲಿನಲ್ಲಿವೆ. ಪಶುವೈದ್ಯರ ಮಾತಿನಲ್ಲಿ, ವನ್ಯಜೀವಿಗಳ ಬರಹದಲ್ಲಿ ಮಂಗಕ್ಕೆ, ತೋಳಕ್ಕೆ ಎಂದು ಕೆಳಗಿಳಿಯುತ್ತವೆ. ಎರಡರಲ್ಲಿ ಯಾವುದು ಸರಿ? ಎರಡೂ ಸರಿ. ಒಂದೇ ಬರಹದಲ್ಲಿ ಎರಡೂ ಇದ್ದರೆ ಮಾತ್ರ ತಪ್ಪು. ಮಕ್ಕಳ ಕಥೆಗಳಲ್ಲಿ ಇದು ಆಗುವಷ್ಟು ಬೇರೆಲ್ಲೂ ಆಗದು. ಹೀಗೊಂದು ಹಸ್ತಪ್ರತಿ ಇದೆ ಎಂದಿಟ್ಟುಕೊಳ್ಳಿ:

‘ಒಬ್ಬ ಬೇಟೆಗಾರ ಕಾಡಿಗೆ ಹೋದ. ನಡೆದು ನಡೆದು ಅವನು ಬಾಯಾರಿಕೆಯಾದ. ಜೊತೆಗಿದ್ದ ನಾಯಿ ಕೂಡ ಬಾಯಾರಿಕೆಯಾಗಿತ್ತು. ಹೊಳೆಯ ದಡದಲ್ಲಿ ಒಂದು ತೋಳ ಮಲಗಿತ್ತು. ಇವರ ಸದ್ದಿಗೆ ಎಚ್ಚರವಾಗಿ ತೋಳನಿಗೆ ಸಿಟ್ಟು ಬಂತು. ಬೇಟೆಗಾರ ಮತ್ತು ನಾಯಿ ಭಯವಾಯಿತು. ಬೇಟೆಗಾರ ತನ್ನ ಮಗುವಿನ ನೆನಪಾಗಿ ಅಲ್ಲಿಂದ ಓಡಿದ.’

ಮೊದಲ ವಾಕ್ಯಕ್ಕೆ ಕೈ ಹಚ್ಚಬೇಕಿಲ್ಲ, ಹೋದದ್ದು ಅವನ ಕೆಲಸ. ಎರಡನೆಯದರಲ್ಲಿ ಬಾಯಾರಿಕೆ ಆದದ್ದು ಯಾರಿಗೆ? ಅವನಿಗೆ. ಪ್ರತ್ಯಯ ತಿದ್ದಿದ ಮೇಲೆ ‘ಆದ’ ಎಂಬುದೂ ಉಳಿಯಲಾರದು, ಕ್ರಿಯಾಪದ ಬಾಯಾರಿಕೆಯ ಕಡೆ ತಿರುಗಬೇಕು: ಅವನಿಗೆ ಬಾಯಾರಿಕೆಯಾಯಿತು. ಈ ಎರಡೂ ತಪ್ಪುಗಳು ಜೋಡಿಯಾಗಿ ಬರುತ್ತವೆ, ಒಂದನ್ನು ತಿದ್ದಿ ಇನ್ನೊಂದನ್ನು ಬಿಡುವುದೂ ಸಾಮಾನ್ಯ. ಮೂರನೆಯದು ಹೆಚ್ಚು ಮೋಸಗಾರ ವಾಕ್ಯ. ನಾಯಿ ನಪುಂಸಕ, ಬಾಯಾರಿಕೆಯೂ ನಪುಂಸಕ. ‘ಆಗಿತ್ತು’ ಎಂಬುದು ಇಬ್ಬರಿಗೂ ಹೊಂದುವುದರಿಂದ ಕ್ರಿಯಾಪದ ಎಚ್ಚರಿಕೆ ಕೊಡುವುದಿಲ್ಲ, ಕಣ್ಣು ಜಾರುತ್ತದೆ. ‘ನಾಯಿಗೂ ಬಾಯಾರಿಕೆಯಾಗಿತ್ತು’ ಎಂದರೆ ಗೆ, ಊ ಎರಡೂ ಸೇರಿ ‘ಕೂಡ’ ಎಂಬುದರ ಕೆಲಸವೂ ಮುಗಿಯಿತು.

ಈಗ ತೋಳ. ‘ಒಂದು ತೋಳ ಮಲಗಿತ್ತು’ ಎಂದು ಲೇಖಕರು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಾರೆ, ಅದು ಪ್ರಾಣಿ. ಹಾಗಾದರೆ ಸಿಟ್ಟು ಬರುವುದು ತೋಳಕ್ಕೆ. ‘ತೋಳನಿಗೆ’ ಎಂಬುದನ್ನೇ ಉಳಿಸಬೇಕೆಂದರೆ ಹಿಂದೆ ಹೋಗಿ ‘ಒಬ್ಬ ತೋಳ ಮಲಗಿದ್ದ’ ಎಂದು ಬರೆಯಬೇಕು. ಅದು ಮಾತಾಡುವ, ಯೋಚಿಸುವ, ಹೊಂಚು ಹಾಕುವ ತೋಳನ ಕಥೆಯಾದರೆ ನಾನು ಹಾಗೆಯೇ ಬರೆಯುತ್ತೇನೆ. ಇಲ್ಲಿ ಮಲಗಿ ಎದ್ದದ್ದಷ್ಟೇ ಅದರ ಪಾತ್ರ, ‘ಕ್ಕೆ’ ಸಾಕು. ‘ಸಿಟ್ಟು ಬಂತು’ ಎಂಬ ಕ್ರಿಯಾಪದ ತೋಳನಿಗೂ ಸರಿ, ತೋಳಕ್ಕೂ ಸರಿ. ಅಂದರೆ ಈ ವಾಕ್ಯದೊಳಗೆ ಅದು ಪ್ರಾಣಿಯೋ ಪಾತ್ರವೋ ಎಂದು ಹೇಳುವ ಒಂದೇ ಒಂದು ಜಾಗ ಪ್ರತ್ಯಯ. ಇದನ್ನು ಹುಡುಕಲು ಕಥೆಯ ಉಳಿದ ಕ್ರಿಯಾಪದಗಳನ್ನೆಲ್ಲ ಒಮ್ಮೆ ನೋಡಿ ಬರಬೇಕು. ತೋಳ ಬಂತೋ, ಬಂದನೋ?

ಭಯದ ವಾಕ್ಯದಲ್ಲಿ ಇಬ್ಬರಿದ್ದಾರೆ. ‘ಬೇಟೆಗಾರ ಮತ್ತು ನಾಯಿಗೆ ಭಯವಾಯಿತು’ ಎಂದು ಕೊನೆಯವರಿಗೆ ಮಾತ್ರ ಪ್ರತ್ಯಯ ಹಚ್ಚುವುದು ಈಗ ಪತ್ರಿಕೆಗಳಲ್ಲಿ ನಡೆಯುತ್ತಿದೆ. ಅದು ತಪ್ಪೆನ್ನಲಾರೆ, ಆದರೆ ‘ಬೇಟೆಗಾರನಿಗೂ ನಾಯಿಗೂ ಭಯವಾಯಿತು’ ಎಂಬುದರ ಮುಂದೆ ಅದು ಕುಂಟುತ್ತದೆ. ಈ ರೂಪದಲ್ಲಿ ಇಬ್ಬರಿಗೂ ಅವರವರ ಪ್ರತ್ಯಯ ಸಿಗುತ್ತದೆ, ಭಯವೂ ಸಮನಾಗಿ ಹಂಚಿಹೋಗುತ್ತದೆ. ಕೊನೆಯ ವಾಕ್ಯ ಕೈ ಹಚ್ಚದೆ ಬಿಡಬೇಕಾದದ್ದು. ‘ಬೇಟೆಗಾರ’ ಎಂಬುದನ್ನು ‘ನೆನಪಾಗಿ’ ನೋಡಿ ‘ಬೇಟೆಗಾರನಿಗೆ’ ಎಂದು ತಿದ್ದುವ ಆಸೆಯಾಗುತ್ತದೆ, ಆದರೆ ಅವನು ನಿಂತಿರುವುದು ‘ಓಡಿದ’ ಎಂಬುದರ ಪರವಾಗಿ. ‘ತನ್ನ ಮಗು’ ಎಂದರೆ ಯಾರ ಮಗು ಎಂಬುದರಲ್ಲೂ ಅನುಮಾನವಿಲ್ಲ.

ಗೌರವದ ವಿಷಯವನ್ನೂ ಹೇಳಿಬಿಡಬೇಕು. ಹಿರಿಯರ ಬಗ್ಗೆ ಬರೆಯುವಾಗ ಕ್ರಿಯಾಪದಕ್ಕೆ ಬಹುವಚನ ಹಚ್ಚು ಎಂದು ನಮ್ಮ ಕೈಗೆ ಅಭ್ಯಾಸವಾಗಿದೆ: ಅಧ್ಯಕ್ಷರು ಬಂದರು, ಕುಳಿತರು. ಆದರೆ ಅಧ್ಯಕ್ಷರಿಗೆ ಕೋಪ ಬಂದಾಗ ಬರುವುದು ಕೋಪ. ‘ಅಧ್ಯಕ್ಷರಿಗೆ ಕೋಪ ಬಂದಿತು’ ಎಂದೇ ಬರೆಯಬೇಕು. ಗೌರವ ತೋರಿಸಲು ಸಿಗುವ ಜಾಗ ‘ರಿಗೆ’ ಒಂದೇ. ಅಜ್ಜನಿಗೆ ಕಾಲುನೋವು ಎಂಬುದು ಸಲಿಗೆ, ಅಜ್ಜನವರಿಗೆ ಕಾಲುನೋವು ಎಂಬುದು ಮರ್ಯಾದೆ, ನೋವು ಎರಡರಲ್ಲೂ ಏಕವಚನವೇ.

ಉಳಿದದ್ದು ‘ನನಗೆ ಹೋಗಬೇಕು’ ಎಂಬ ರೂಪದ ವ್ಯಾಜ್ಯ. ‘ನಾನು ಹೋಗಬೇಕು’ ಎಂದರೆ ಹೋಗುವುದು ನನ್ನ ಹೊಣೆ, ಮನಸ್ಸಿದ್ದರೂ ಇಲ್ಲದಿದ್ದರೂ. ‘ನನಗೆ ಹೋಗಬೇಕು’ ಎನ್ನುವವರು ಹೇಳಲು ಹೊರಟಿರುವುದು ಹೋಗುವ ಆಸೆಯನ್ನು, ‘ಅನ್ನಿಸುತ್ತಿದೆ’ ಎಂಬುದು ಬಾಯಲ್ಲೇ ಉಳಿದಿರುತ್ತದೆ. ಮಾತಿನಲ್ಲಿ ಅದು ನಡೆಯುತ್ತದೆ, ಕೇಳುವವರು ಬಿಟ್ಟ ಪದವನ್ನು ತುಂಬಿಕೊಳ್ಳುತ್ತಾರೆ. ಅಚ್ಚಿಗೆ ಕಳಿಸುವ ಬರಹದಲ್ಲಿ ಮಾತ್ರ ‘ನನಗೆ ಹೋಗಬೇಕು ಅನ್ನಿಸುತ್ತಿದೆ’ ಎಂದು ಪೂರ್ತಿ ಬರೆಯಿರಿ, ಇಲ್ಲವೇ ‘ನಾನು ಹೋಗಬೇಕು’ ಎಂದು ನಿಲ್ಲಿಸಿ.